ಗುಂಡು ಬಾಡಿ ಮೇಲೆ ಪೈಪ್ ಕೂರಿಸಿದರೆ ಗೆರೆ ಬೀಳುವುದೇಕೆ?

ಪ್ರಶ್ನೆ: ಬ್ಲೆಂಡರ್‌ನಲ್ಲಿ ನೀರಿನ ಪಂಪ್‌ ಒಂದರ ಮಾಡೆಲ್ ಮಾಡ್ತಿದ್ದೇನೆ. ಸಿಲಿಂಡರ್ ಆಕಾರದ ಬಾಡಿ, ಅದರ ಮೇಲೆ ನೆಟ್ಟಗೆ ನಿಂತ ಔಟ್‌ಲೆಟ್ ಪೈಪ್. ಸಬ್‌ಡಿವಿಷನ್ ಹಾಕಿದರೆ ಎರಡೂ ಸೇರುವ ಜಾಗ ನೆನೆದ ಸೋಪಿನ ಹಾಗೆ ಕರಗುತ್ತೆ. ಗಟ್ಟಿಯಾಗಲಿ ಅಂತ ಸಪೋರ್ಟ್ ಲೂಪ್ ಹಾಕಿದರೆ ಬಾಡಿಯ ಉದ್ದಕ್ಕೂ ಗೆರೆ ಬೀಳುತ್ತೆ, ಪೈಪಿನ ಬುಡದಲ್ಲಿ ಚಿವುಟಿದ ಹಾಗೆ ಕಾಣುತ್ತೆ. ಬಾಡಿಗೆ 8 ಸೆಗ್ಮೆಂಟ್ ಇದೆ. ಇನ್ನೂ ಲೂಪ್ ಸೇರಿಸಬೇಕಾ, ಕ್ರೀಸ್ ಹಾಕಬೇಕಾ?

ಉತ್ತರ: ಎರಡೂ ಬೇಡ. ಈಗಿರುವ ಲೂಪ್‌ಗಳನ್ನು ತೆಗೆದುಬಿಡಿ, ಬಾಡಿಯನ್ನು ಹೊಸದಾಗಿ 32 ಸೆಗ್ಮೆಂಟ್‌ನಿಂದ ಶುರು ಮಾಡಿ. ಯಾಕೆ ಅಂತ ಹೇಳುತ್ತೇನೆ.

ಸಬ್‌ಡಿವಿಷನ್‌ಗೆ ನಿಮ್ಮ ಮನಸ್ಸಿನಲ್ಲಿರುವುದು ಗೊತ್ತಾಗುವುದಿಲ್ಲ. ಅದು ನೋಡುವುದು ಎಡ್ಜ್‌ಗಳ ನಡುವಿನ ಅಂತರವನ್ನು. ಅಂತರ ಒಂದೇ ಸಮ ಇದ್ದರೆ ದುಂಡಗೆ ಬಾಗುತ್ತದೆ. ಎರಡು ಎಡ್ಜ್ ಹತ್ತಿರ ಬಂದರೆ ಬಾಗುವುದನ್ನೆಲ್ಲ ಅಲ್ಲೇ ಮುಗಿಸಿಬಿಡುತ್ತದೆ. ಪೈಪಿನ ಬುಡದಲ್ಲಿ ನಿಮಗೆ ಬೇಕಾದ ಚೂಪು ಬರುವುದು ಹೀಗೆಯೇ. ಬಾಡಿಯ ಮೇಲೆ ಬೇಡವಾದ ಗೆರೆ ಬರುವುದೂ ಹೀಗೆಯೇ. ಪಿಂಚ್ ಅನ್ನುವುದು ಬೇರೆ ರೋಗ ಅಲ್ಲ, ಜಾಗ ತಪ್ಪಿ ಬಂದ ಚೂಪು ಅಷ್ಟೆ.

ಇದನ್ನು ನಾನು ಬಳೆ ಮತ್ತು ಕಡ್ಡಿ ಅಂತ ನೆನಪಿಟ್ಟುಕೊಂಡಿದ್ದೇನೆ. ಸಿಲಿಂಡರನ್ನು ಸುತ್ತುವರಿದ ಲೂಪ್ ಬಳೆ. ಎಷ್ಟು ಬಳೆ ತೊಡಿಸಿದರೂ ಕೈಯ ದುಂಡು ಕೆಡುವುದಿಲ್ಲ. ಉದ್ದಕ್ಕೂ ಓಡುವ ಲೂಪ್ ಕಡ್ಡಿ. ಸಮ ಅಂತರದಲ್ಲಿ ನಿಂತ ಕಡ್ಡಿಗಳ ನಡುವೆ ಒಂದನ್ನು ಹೆಚ್ಚಿಗೆ ತುರುಕಿದರೆ ಅಲ್ಲಿ ದುಂಡು ಹಾಳಾಗುತ್ತದೆ. ಪೈಪಿನ ಎಡಬಲಕ್ಕೆ `Ctrl+R` ಒತ್ತಿ ನೀವು ಹಾಕಿದ ಸಪೋರ್ಟ್ ಲೂಪ್‌ಗಳು ಕಡ್ಡಿಗಳು. ಅವು ಪೈಪಿನ ಬುಡದಲ್ಲಿ ನಿಲ್ಲದೆ ಬಾಡಿಯ ಆ ತುದಿಯಿಂದ ಈ ತುದಿಗೆ ಓಡಿವೆ. ನಿಮ್ಮ ಗೆರೆ ಬಂದಿದ್ದು ಅಲ್ಲಿಂದ.

8 ಸೆಗ್ಮೆಂಟ್‌ನಲ್ಲಿ ತಪ್ಪೇನು ಅಂದರೆ, ಖಾಲಿ ಸಿಲಿಂಡರ್‌ಗೆ ತಪ್ಪೇನೂ ಇಲ್ಲ. ಎಂಟು ಮೂಲೆಯ ಉಂಗುರ ಕೂಡ ಸಬ್‌ಡಿವಿಷನ್ ಆದಮೇಲೆ ಕಣ್ಣಿಗೆ ಪೂರ್ತಿ ದುಂಡಗೇ ಕಾಣುತ್ತದೆ. ಅದರ ಮೇಲೆ ಏನಾದರೂ ಕತ್ತರಿಸಲು ಹೋದಾಗ ತೊಂದರೆ. ಬಾಡಿಯ ತ್ರಿಜ್ಯ 100 ಮಿಮೀ ಅಂತಿಟ್ಟುಕೊಳ್ಳಿ. 8 ಸೆಗ್ಮೆಂಟ್‌ನಲ್ಲಿ ಎರಡು ಕಡ್ಡಿಗಳ ನಡುವಿನ ಚಪ್ಪಟೆ ಮುಖ ನಿಜವಾದ ದುಂಡಿಗಿಂತ 7.6 ಮಿಮೀ ಒಳಗಿರುತ್ತದೆ. ಹೊಸ ಲೂಪ್ ಹಾಕಿದರೆ ಅದರ ವರ್ಟೆಕ್ಸ್‌ಗಳು ಆ ಚಪ್ಪಟೆ ಮುಖದ ಮೇಲೆ ಕೂರುತ್ತವೆ, ದುಂಡಿನ ಮೇಲಲ್ಲ. ಅಂದರೆ ನೀವು ಹಾಕಿದ ಪ್ರತಿ ಲೂಪೂ ಬಾಡಿಯನ್ನು ಸ್ವಲ್ಪ ಸ್ವಲ್ಪ ಚಪ್ಪಟೆ ಮಾಡಿದೆ. 16 ಸೆಗ್ಮೆಂಟ್‌ಗೆ ಈ ತಗ್ಗು 1.9 ಮಿಮೀ, 32ಕ್ಕೆ ಸುಮಾರು 0.5 ಮಿಮೀ. ಹಾಗಾಗಿ ಕತ್ತರಿಸುವ ಮುಂಚೆಯೇ ಸೆಗ್ಮೆಂಟ್ ಜಾಸ್ತಿ ಇರಬೇಕು. ಆಗ ಬಾಡಿಯ ಸ್ವಂತ ಕಡ್ಡಿಗಳೇ ಪೈಪಿನ ಅಕ್ಕಪಕ್ಕ ನಿಂತು ಸಪೋರ್ಟ್ ಕೆಲಸ ಮಾಡುತ್ತವೆ, ಹೊಸದು ತುರುಕುವ ಪ್ರಮೇಯವೇ ಬರುವುದಿಲ್ಲ.

ಎಷ್ಟು ಸೆಗ್ಮೆಂಟ್ ಅನ್ನುವುದನ್ನು ಬಾಡಿ ನೋಡಿ ಅಲ್ಲ, ಪೈಪ್ ನೋಡಿ ತೀರ್ಮಾನಿಸಬೇಕು. ನಿಮ್ಮ ಪೈಪಿನ ವ್ಯಾಸ 60 ಮಿಮೀ ಅಂದುಕೊಳ್ಳೋಣ. 32 ಸೆಗ್ಮೆಂಟ್ ಬಾಡಿಯಲ್ಲಿ ನಾಲ್ಕು ಸೆಗ್ಮೆಂಟ್ ಅಗಲ ಹಿಡಿದರೆ ನಡುವಿನಿಂದ ಎರಡೂ ಕಡೆಗೆ 38 ಮಿಮೀ ಸಿಗುತ್ತದೆ. ಪೈಪಿನ ತ್ರಿಜ್ಯ 30. ಆಚೆ ಈಚೆ ಏಳೆಂಟು ಮಿಮೀ ಉಳಿಯಿತು, ಸಪೋರ್ಟ್‌ಗೆ ಅಷ್ಟು ಸಾಕು. ಬಾಡಿಯ ಉದ್ದ 300 ಮಿಮೀ ಇದ್ದರೆ ಅದನ್ನು 16 ಸಾಲು ಮಾಡಿ, ಒಂದೊಂದು ಸಾಲು 18.75 ಮಿಮೀ. ಆಗ ಚೌಕಗಳು ಹೆಚ್ಚುಕಡಿಮೆ ಸಮಚೌಕವಾಗುತ್ತವೆ, ಪೈಪಿನ ನಡು ಸರಿಯಾಗಿ ಒಂದು ವರ್ಟೆಕ್ಸ್ ಮೇಲೆ ಬೀಳುತ್ತದೆ. ಅದರ ಸುತ್ತ ನಾಲ್ಕಕ್ಕೆ ನಾಲ್ಕು, ಹದಿನಾರು ಚೌಕಗಳ ಒಂದು ಪಟ್ಟಿ. ಪಟ್ಟಿಯ ಅಂಚಿನಲ್ಲಿ ಹದಿನಾರು ವರ್ಟೆಕ್ಸ್. ಪೈಪಿಗೂ ಹದಿನಾರೇ ಮೂಲೆ.

ಈಗ ಕೆಲಸ. ಬಾಡಿ ಅಡ್ಡಡ್ಡ ಮಲಗಿದೆ, ಪೈಪ್ Z ದಿಕ್ಕಿಗೆ ನಿಲ್ಲುತ್ತದೆ ಅಂತ ಹಿಡಿದು ಹೇಳುತ್ತೇನೆ. ಮೊದಲು `Ctrl+A` ಒತ್ತಿ ರೊಟೇಷನ್, ಸ್ಕೇಲ್ ಎರಡನ್ನೂ ಅಪ್ಲೈ ಮಾಡಿ. ಸ್ಕೇಲ್ ಮರೆತರೆ ಆಮೇಲೆ ಬೆವೆಲ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಬರುತ್ತದೆ, ತಪ್ಪು ಎಲ್ಲಿದೆ ಅಂತ ಅರ್ಧ ದಿನ ಹುಡುಕುತ್ತೀರಿ.

ಹದಿನಾರು ಚೌಕಗಳನ್ನು ಸೆಲೆಕ್ಟ್ ಮಾಡಿ `I` ಒತ್ತಿ ಇನ್‌ಸೆಟ್ ಮಾಡಿ. ಈ ಹೆಜ್ಜೆಯನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಸುಮ್ನೆ ಪಟ್ಟಿಯ ಅಂಚಿನಿಂದಲೇ ಪೈಪ್ ಎಳೆದರೆ ಅದರ ನಾಲ್ಕು ಮೂಲೆಯ ವರ್ಟೆಕ್ಸ್‌ಗಳಿಗೆ ತಲಾ ಐದೈದು ಎಡ್ಜ್ ಬಂದು ಸೇರುತ್ತವೆ. ಐದು ಎಡ್ಜ್ ಸೇರುವ ಗಂಟಿಗೆ ಪೋಲ್ ಅನ್ನುತ್ತೇವೆ. ಅಂಥ ಗಂಟುಗಳಲ್ಲಿ ಸಬ್‌ಡಿವಿಷನ್ ಮೇಲ್ಮೈ ಬೇರೆ ಕಡೆಯಷ್ಟು ನಯವಾಗಿರುವುದಿಲ್ಲ. ಅವು ಚೂಪಾದ ಅಂಚಿನ ಮೇಲೆಯೇ ಬಿದ್ದರೆ ನೀವು ಹೇಳಿದ ಚಿವುಟಿದ ಗುರುತು ಗ್ಯಾರಂಟಿ. ಇನ್‌ಸೆಟ್ ಮಾಡಿದರೆ ಆ ನಾಲ್ಕು ಗಂಟುಗಳು ಹೊರಗಿನ ಉಂಗುರದಲ್ಲೇ ಉಳಿಯುತ್ತವೆ, ಪೈಪಿನ ಬುಡದಲ್ಲಿ ಎಲ್ಲ ವರ್ಟೆಕ್ಸ್‌ಗೂ ನಾಲ್ಕೇ ಎಡ್ಜ್ ಆಗುತ್ತದೆ. ಇನ್ನೊಂದು ಲಾಭವೂ ಇದೆ. ಇನ್‌ಸೆಟ್ ಉಂಗುರದೊಳಗೆ ಹಾಕಿದ ಸಪೋರ್ಟ್ ಲೂಪ್ ಪೈಪನ್ನು ಸುತ್ತಿಕೊಂಡು ಅಲ್ಲೇ ಮುಗಿಯುತ್ತದೆ, ಬಾಡಿಯ ಉದ್ದಕ್ಕೆ ಓಡಿಹೋಗುವುದಿಲ್ಲ. ಕಡ್ಡಿ ಹೋಗಿ ಬಳೆ ಆಯಿತು ಅಲ್ವಾ.

ಒಳಗಿನ ಮುಖಗಳನ್ನು ಡಿಲೀಟ್ ಮಾಡಿ, ಉಳಿದ ಅಂಚನ್ನು LoopTools ಆಡ್‌ಆನ್‌ನ Circle ಬಳಸಿ ದುಂಡಗೆ ಮಾಡಿ. ಅದರಲ್ಲಿ Flatten ಆಫ್ ಇರಲಿ. ಪೈಪಿನ ಬುಡ ಒಂದೇ ಮಟ್ಟದಲ್ಲಿ ಇರುವುದಿಲ್ಲ ಅನ್ನುವುದು ನೆನಪಿರಲಿ. ಬಾಡಿಯ ನೆತ್ತಿಯ ಗೆರೆಯಲ್ಲಿ ಅದು 100 ಮಿಮೀ ಎತ್ತರದಲ್ಲಿದ್ದರೆ ಪಕ್ಕಗಳಲ್ಲಿ 95.4 ಮಿಮೀಗೆ ಇಳಿದಿರುತ್ತದೆ, ಕುದುರೆಯ ಜೀನಿನ ಹಾಗೆ. ಆಮೇಲೆ ಅದೇ ಜಾಗದಲ್ಲಿ 256 ಸೆಗ್ಮೆಂಟ್‌ನ ಇನ್ನೊಂದು ಸಿಲಿಂಡರ್ ಇಟ್ಟು, ಈ ಉಂಗುರದ ವರ್ಟೆಕ್ಸ್‌ಗಳನ್ನು Shrinkwrap ಮಾಡಿಫೈಯರ್‌ನಿಂದ ಅದರ ಮೇಲೆ ಕೂರಿಸಿ ಅಪ್ಲೈ ಮಾಡಿ. ಇಲ್ಲಿ Project ಆಯ್ಕೆ ಮಾಡಿ, Z ಅಕ್ಷಕ್ಕೆ ಟಿಕ್ ಹಾಕಿ. Nearest Surface Point ಇಟ್ಟರೆ ವರ್ಟೆಕ್ಸ್‌ಗಳು ಪಕ್ಕಕ್ಕೂ ಜರುಗುತ್ತವೆ, ಮೇಲಿನಿಂದ ನೋಡಿದಾಗ ವೃತ್ತ ಸ್ವಲ್ಪ ಕೆಟ್ಟಿರುತ್ತದೆ.

ವೃತ್ತದ ತ್ರಿಜ್ಯ 30 ಕೊಡಬೇಡಿ, 30.8 ಕೊಡಿ. ಸಬ್‌ಡಿವಿಷನ್ ಬಳಸುವ ಕ್ಯಾಟ್‌ಮುಲ್-ಕ್ಲಾರ್ಕ್ ಪದ್ಧತಿಯಲ್ಲಿ ಉಂಗುರ ಯಾವಾಗಲೂ ಒಳಕ್ಕೆ ಕುಗ್ಗುತ್ತದೆ. 8 ಮೂಲೆಯ ಉಂಗುರ ಹತ್ತಿರ ಹತ್ತಿರ 10%, 16 ಮೂಲೆಯದು 2.5%, 32 ಮೂಲೆಯದು 0.6%. ಅಳತೆ ಮುಖ್ಯವಾದ ಕಡೆ ಈ ಸೂತ್ರ ಇಟ್ಟುಕೊಳ್ಳಿ, n ಅಂದರೆ ಮೂಲೆಗಳ ಸಂಖ್ಯೆ, R_cage ಅಂದರೆ ಕೇಜ್‌ನ, ಅಂದರೆ ಸಬ್‌ಡಿವಿಷನ್‌ಗೆ ಮುಂಚಿನ ಮೆಶ್‌ನ ತ್ರಿಜ್ಯ, R_final ಅಂದರೆ ಆಮೇಲೆ ಸಿಗುವ ತ್ರಿಜ್ಯ:

```
R_final = R_cage * (2 + cos(360°/n)) / 3
```

ಈಗ ಅಂಚನ್ನು `E` `Z` ಒತ್ತಿ ಬೇಕಾದಷ್ಟು ಮೇಲಕ್ಕೆ ಎಳೆಯಿರಿ, `S` `Z` `0` ಕೊಟ್ಟು ಮೇಲ್ತುದಿಯನ್ನು ಮಟ್ಟ ಮಾಡಿ. ಪೈಪ್ ನಿಂತಿತು. ಇನ್ನು ಬುಡ.

ಬುಡದ ಉಂಗುರವನ್ನು ಸೆಲೆಕ್ಟ್ ಮಾಡಿ `Ctrl+B`. Segments 2, Shape 1.0, ಅಗಲ 2.5 ಮಿಮೀ. Shape 1.0 ಕೊಟ್ಟಾಗ ಬೆವೆಲ್ ಮೂಲೆಯನ್ನು ಕಡಿಯುವುದಿಲ್ಲ. ಮೂಲೆಯ ಎಡ್ಜ್ ಇದ್ದಲ್ಲೇ ಇರುತ್ತದೆ, ಅದರ ಎರಡೂ ಕಡೆಗೆ 2.5 ಮಿಮೀ ದೂರದಲ್ಲಿ ಒಂದೊಂದು ಸಪೋರ್ಟ್ ಎಡ್ಜ್ ಬರುತ್ತದೆ. ಒಂದು ಬಾಡಿಯ ಮೇಲೆ, ಒಂದು ಪೈಪಿನ ಮೇಲೆ. ಕೈಯಿಂದ ಎರಡು ಸಲ ಲೂಪ್ ಹಾಕಿ ಕಣ್ಣಳತೆಯಲ್ಲಿ ಜರುಗಿಸುವುದಕ್ಕಿಂತ ಇದು ಎಷ್ಟೋ ಮೇಲು, ಎರಡೂ ಕಡೆ ಅಂತರ ಒಂದೇ ಇರುತ್ತದೆ. ಆಮೇಲೆ ಅಗಲ ಬದಲಾಯಿಸಬೇಕಾಗಬಹುದು ಅನಿಸಿದರೆ ಬೆವೆಲನ್ನು ಮಾಡಿಫೈಯರ್ ಆಗಿ ಸಬ್‌ಡಿವಿಷನ್‌ಗಿಂತ ಮೇಲಿಡಿ, ಬೇಕಾದ ಎಡ್ಜ್‌ಗಳಿಗಷ್ಟೇ ಬೆವೆಲ್ ವೇಟ್ ಕೊಡಿ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ನಾನೂ ಕೆಲವು ವರ್ಷ ಇದನ್ನು ಗಮನಿಸಿರಲಿಲ್ಲ. ಅಂಚಿನ ಚೂಪು ಸಪೋರ್ಟ್ ಎಡ್ಜ್ ಎಷ್ಟು ಹತ್ತಿರ ಇದೆ ಅನ್ನುವುದರ ಮೇಲಷ್ಟೇ ನಿಂತಿಲ್ಲ. ಅದರಾಚೆಗಿನ ಎಡ್ಜ್ ಎಷ್ಟು ದೂರ ಇದೆ ಅನ್ನುವುದೂ ಸೇರುತ್ತದೆ. ಚಪ್ಪಟೆ ಮುಖ ಬಾಗಲು ಶುರುವಾಗುವ ಜಾಗ ಹೀಗೆ ಸಿಗುತ್ತದೆ: ಸಪೋರ್ಟ್‌ನ ದೂರವನ್ನು ನಾಲ್ಕರಿಂದ ಗುಣಿಸಿ, ಅದರಾಚೆಯ ಎಡ್ಜ್‌ನ ದೂರ ಕೂಡಿಸಿ, ಆರರಿಂದ ಭಾಗಿಸಿ. ಎರಡು ದೂರವನ್ನೂ ಮೂಲೆಯಿಂದಲೇ ಅಳೆಯಬೇಕು.

ನಮ್ಮ ಪೈಪಿಗೆ ಹಾಕಿ ನೋಡಿ. ಪಕ್ಕಗಳಲ್ಲಿ ಸಪೋರ್ಟ್ 2.5 ಮಿಮೀ ದೂರ, ಆಚೆಯ ಎಡ್ಜ್ ಸುಮಾರು 7 ಮಿಮೀ ದೂರ. ಬಾಗು ಶುರುವಾಗುವುದು 2.8 ಮಿಮೀಯಲ್ಲಿ. ಆದರೆ ಚೌಕ ಪಟ್ಟಿಯ ನಾಲ್ಕು ಮೂಲೆಗಳ ಕಡೆ ಆಚೆಯ ಎಡ್ಜ್ 23 ಮಿಮೀ ದೂರ ಇದೆ. ಅಲ್ಲಿ ಬಾಗು 5.5 ಮಿಮೀಯಿಂದಲೇ ಶುರು, ಅಂದರೆ ಎರಡು ಪಟ್ಟು. ಹಾಗಾಗಿ ಪೈಪಿನ ಬುಡದ ಹೊಳಪಿನ ಗೆರೆ ಸುತ್ತಲೂ ಒಂದೇ ಅಗಲ ಇರುವುದಿಲ್ಲ, ನಾಲ್ಕು ಕಡೆ ಊದಿಕೊಂಡಿರುತ್ತದೆ. ಇದನ್ನು ನೋಡಿದವರು ಪೋಲ್‌ನ ತಪ್ಪು ಅಂದುಕೊಂಡು ಟೋಪಾಲಜಿಯನ್ನೆಲ್ಲ ಕಿತ್ತು ಮತ್ತೆ ಕಟ್ಟುತ್ತಾರೆ. ಅಷ್ಟೆಲ್ಲ ಬೇಡ. ಬಾಡಿಯ ಕಡೆ ಇನ್ನೊಂದು ಬಳೆ ಹಾಕಿ, ಮೂಲೆಯಿಂದ 5 ಮಿಮೀ ದೂರಕ್ಕೆ. `Ctrl+R` ಒತ್ತಿ ಜರುಗಿಸುವಾಗ `E` ಒತ್ತಿದರೆ ಲೂಪ್ ಪಕ್ಕದ ಉಂಗುರದ ಆಕಾರವನ್ನೇ ಹಿಡಿದು ಚಲಿಸುತ್ತದೆ. ಅದು ಹೊರಗಿನ ಚೌಕದ ಆಕಾರ ಹಿಡಿದರೆ `F` ಒತ್ತಿ, ಒಳಗಿನ ವೃತ್ತಕ್ಕೆ ಬದಲಾಗುತ್ತದೆ. ಈಗ ಸುತ್ತಲೂ ಬಾಗು 2.5 ಮಿಮೀಯಲ್ಲೇ ಶುರು. ಊತ ಇಳಿಯುತ್ತದೆ. ಹೊರಗಿನ ನಾಲ್ಕು ಮೂಲೆಯ ವರ್ಟೆಕ್ಸ್‌ಗಳನ್ನೂ ಬಾಡಿಯ ಮೇಲೆಯೇ ಜರುಗಿಸಿ ಸ್ವಲ್ಪ ಒಳಕ್ಕೆ ತಂದರೆ ಚೌಕಗಳು ಇನ್ನೂ ಸಮ ಆಗುತ್ತವೆ.

ಅದೇ ಲೆಕ್ಕ ಪೈಪಿನ ಕಡೆಗೂ ಬೇಕು. 80 ಮಿಮೀ ಪೈಪಿನಲ್ಲಿ ಬುಡದ ಸಪೋರ್ಟ್ ಬಿಟ್ಟರೆ ಮುಂದಿನ ಎಡ್ಜ್ ತುದಿಯಲ್ಲೇ ಇದ್ದರೆ, ಬಾಗು 15 ಮಿಮೀ ಮೇಲಿನಿಂದಲೇ ಶುರುವಾಗುತ್ತದೆ. ಅಲ್ಲೂ 5 ಮಿಮೀಗೆ ಒಂದು ಬಳೆ ಹಾಕಿ. ತುದಿಯ ಅಂಚಿಗೂ ಹೀಗೇ.

ಅಗಲ 2.5 ಯಾಕೆ, 0.5 ಯಾಕಲ್ಲ ಅಂತ ಕೇಳಬಹುದು. 90 ಡಿಗ್ರಿ ಮೂಲೆಯಲ್ಲಿ ಸಪೋರ್ಟ್ ದೂರದ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಮೂಲೆ ಸವೆಯುತ್ತದೆ. 2.5ಕ್ಕೆ 0.6 ಮಿಮೀ, 0.5ಕ್ಕೆ 0.12 ಮಿಮೀ. ಎರಕ ಹೊಯ್ದ ಪಂಪ್ ಬಾಡಿಯನ್ನು ಕೈಯಲ್ಲಿ ಸವರಿ ನೋಡಿ, ಪೈಪ್ ಸೇರುವ ಕಡೆ ಬೆರಳಿಗೆ ಸಿಗುವಷ್ಟು ದುಂಡು ಇರುತ್ತದೆ. ಅಲ್ಲಿ ಕತ್ತಿಯ ಅಲುಗಿನಂಥ ಮೂಲೆ ಬಿಟ್ಟರೆ ಲೋಹ ತಣ್ಣಗಾಗುವಾಗ ಬಿರುಕು ಬಿಡುವ ಭಯ, ಹಾಗಾಗಿ ಬೇಕಂತಲೇ ದುಂಡು ಮಾಡಿರುತ್ತಾರೆ. ನಿಮ್ಮ ಪಂಪ್ ಎರಕದ್ದಾದರೆ 4 ಮಿಮೀ ಕೊಟ್ಟರೂ ಚೆನ್ನಾಗಿರುತ್ತದೆ, ಆಗ ಆಚೆಯ ಬಳೆಯನ್ನು ಸ್ವಲ್ಪ ದೂರ ಸರಿಸಿ. ಲೇಥ್‌ನಲ್ಲಿ ಹೊಡೆದ ಫ್ಲ್ಯಾಂಜ್ ಮುಖಕ್ಕೆ ಮಾತ್ರ 1 ಮಿಮೀ ಆಸುಪಾಸು ಇಡಿ. ಒಂದೇ ಮಾಡೆಲ್‌ನಲ್ಲಿ ಈ ಎರಡು ಬಗೆಯ ಅಂಚು ಪಕ್ಕಪಕ್ಕ ಕಂಡರೆ ನೋಡುವವರಿಗೆ ಯಾವುದು ಎರಕ, ಯಾವುದು ಕಡೆದದ್ದು ಅಂತ ಹೇಳದೇ ಗೊತ್ತಾಗುತ್ತದೆ.

ತೀರಾ ಬಿಗಿ ಮಾಡಿ ನಾನೇ ಪೆಟ್ಟು ತಿಂದಿದ್ದೇನೆ. ಒಂದು ಕಡೆ ಗೇರ್‌ಬಾಕ್ಸ್ ಅನಿಮೇಷನ್ ಕೆಲಸ ಮಾಡುವಾಗ ಎಲ್ಲ ಅಂಚಿಗೂ 0.3 ಮಿಮೀ ಕೊಟ್ಟಿದ್ದೆ. ಹತ್ತಿರದಿಂದ ನೋಡಿದರೆ ಬಹಳ ಶಿಸ್ತು. ಕ್ಯಾಮೆರಾ ಎರಡು ಮೀಟರ್ ಹಿಂದೆ ಹೋದಾಗ ಹೊಳಪಿನ ಗೆರೆ ಒಂದು ಪಿಕ್ಸೆಲ್‌ಗಿಂತ ತೆಳ್ಳಗಾಗಿ, ಫ್ರೇಮ್‌ನಿಂದ ಫ್ರೇಮ್‌ಗೆ ಮಿಣುಕತೊಡಗಿತು. ರಾತ್ರಿಯಿಡೀ ಓಡಿದ ರೆಂಡರ್ ನೀರಲ್ಲಿ ಹೋಮ ಆಯಿತು. ಕ್ರೀಸ್ ಬೇಡ ಅಂದಿದ್ದೂ ಇದೇ ಕಾರಣಕ್ಕೆ. ಪೂರ್ತಿ 1.0 ಕ್ರೀಸ್ ಕೊಟ್ಟರೆ ಅಂಚಿಗೆ ಅಗಲವೇ ಇರುವುದಿಲ್ಲ, ಬೆಳಕು ಹಿಡಿಯಲು ಏನೂ ಉಳಿದಿರುವುದಿಲ್ಲ.

ಬಾಡಿಯಲ್ಲಿ ಇನ್ನೊಂದು ತಪ್ಪು ಉಳಿದಿದೆ. ಕೇಜ್‌ನ ಎಲ್ಲ ವರ್ಟೆಕ್ಸ್ 100 ಮಿಮೀ ತ್ರಿಜ್ಯದ ಮೇಲಿವೆ. ಖಾಲಿ ಜಾಗದಲ್ಲಿ ಸಬ್‌ಡಿವಿಷನ್ ಅದನ್ನು 99.4 ಮಿಮೀಗೆ ಕುಗ್ಗಿಸುತ್ತದೆ. ಆದರೆ ಪೈಪಿನ ಸುತ್ತ ವರ್ಟೆಕ್ಸ್‌ಗಳು ದಟ್ಟವಾಗಿವೆ, ಅಲ್ಲಿ ಕುಗ್ಗುವುದು ಕಡಿಮೆ. ಹಾಗಾಗಿ ಪೈಪಿನ ಸುತ್ತ ಅರ್ಧ ಮಿಮೀಯಷ್ಟು ಉಬ್ಬು ನಿಲ್ಲುತ್ತದೆ, ಸೊಳ್ಳೆ ಕಚ್ಚಿದ ಗುರುತಿನ ಹಾಗೆ. ಬೂದು ಬಣ್ಣದಲ್ಲಿ ಕಾಣುವುದಿಲ್ಲ, ಹೊಳೆಯುವ ಪೇಂಟ್ ಹಚ್ಚಿದ ತಕ್ಷಣ ಕಾಣುತ್ತದೆ. ಇದಕ್ಕೆ ಮದ್ದು ಇನ್ನೊಂದು Shrinkwrap. ಈ ಸಲ ಅದು ಮಾಡಿಫೈಯರ್ ಪಟ್ಟಿಯಲ್ಲಿ ಸಬ್‌ಡಿವಿಷನ್‌ಗಿಂತ ಕೆಳಗಿರಬೇಕು, ಅಂದರೆ ಕುಗ್ಗಿದ ಮೇಲೆ ಓಡಬೇಕು. ಗುರಿ ಅದೇ 256 ಸೆಗ್ಮೆಂಟ್ ಸಿಲಿಂಡರ್. ಇಲ್ಲಿ Nearest Surface Point ಸರಿ. ಒಂದು ವರ್ಟೆಕ್ಸ್ ಗ್ರೂಪ್ ಮಾಡಿ ಬಾಡಿಗೆ 1, ಪೈಪಿಗೆ, ಬುಡದ ಅಂಚಿಗೆ ಮತ್ತು ಮೊದಲ ಸಪೋರ್ಟ್ ಬಳೆಗೆ 0 ಕೊಡಿ. ಬಾಡಿಯ ಎರಡು ತುದಿಯ ಅಂಚುಗಳಿಗೂ 0. ಸಬ್‌ಡಿವಿಷನ್ ಈ ವೇಟ್‌ಗಳನ್ನೂ ನಯವಾಗಿ ಹಂಚುತ್ತದೆ, ನಡುವೆ ಮೆಟ್ಟಿಲು ಬೀಳುವುದಿಲ್ಲ. ಬುಡದ ಅಂಚಿಗೂ 1 ಕೊಟ್ಟರೆ ಕಷ್ಟಪಟ್ಟು ಮಾಡಿದ ದುಂಡನ್ನು ಅದು ಬಾಡಿಗೆ ಅಂಟಿಸಿಬಿಡುತ್ತದೆ, ಎಚ್ಚರ.

ಸರಿಯಾಯಿತಾ ಅಂತ ನೋಡಲು ವೈರ್‌ಫ್ರೇಮ್ ಉಪಯೋಗಕ್ಕೆ ಬಾರದು. ಸಾಲಿಡ್ ವ್ಯೂನಲ್ಲಿ ಪಟ್ಟೆ ಪಟ್ಟೆ ಇರುವ ಮ್ಯಾಟ್‌ಕ್ಯಾಪ್ ಹಾಕಿ, ಮಾಡೆಲನ್ನು ನಿಧಾನ ತಿರುಗಿಸಿ. ಬಾಡಿಯ ಮೇಲಿನ ಪಟ್ಟೆಗಳು ಪೈಪಿನ ಹತ್ತಿರ ಬಂದಾಗಲೂ ನೆಟ್ಟಗೆ ಹರಿದು ಬುಡದ ಅಂಚಿನಲ್ಲಿ ಮಾತ್ರ ತಿರುಗಬೇಕು. ಅಂಚಿಗೆ ಇನ್ನೂ ಒಂದು ಬೆರಳು ದೂರ ಇರುವಾಗಲೇ ಪಟ್ಟೆ ಅಲೆಯಾದರೆ ಉಬ್ಬು ಉಳಿದಿದೆ. ಒಂದೇ ಬಿಂದುವಿನಲ್ಲಿ ಪಟ್ಟೆ ಮುರಿದರೆ ಅಲ್ಲಿ ಪೋಲ್ ಇದೆ, ಸುತ್ತಲಿನ ಚೌಕಗಳನ್ನು ಸಮ ಮಾಡಿ. ಉದ್ದಕ್ಕೂ ಪಟ್ಟೆ ಕಿರಿದಾದರೆ ಎಲ್ಲೋ ಒಂದು ಕಡ್ಡಿ ಉಳಿದುಕೊಂಡಿದೆ.

ಈ ವಿಧಾನ ಎಲ್ಲ ಕಡೆ ನಡೆಯುವುದಿಲ್ಲ. ಪೈಪಿನ ವ್ಯಾಸ ಬಾಡಿಯ ವ್ಯಾಸಕ್ಕೆ ಹತ್ತಿರ ಬಂದರೆ, ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಟೀ ಇರುತ್ತಲ್ಲ ಹಾಗೆ, ಪೈಪಿನ ಗೋಡೆ ಪಕ್ಕಗಳಲ್ಲಿ ಬಾಡಿಯ ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಅಲ್ಲಿ ಮೂಲೆಯೇ ಇರುವುದಿಲ್ಲ, ಸಪೋರ್ಟ್‌ಗೆ ಜಾಗವೂ ಇಲ್ಲ. ಅದನ್ನು ಎರಡು ಪೈಪಿಗೂ ಒಂದೇ ಸಂಖ್ಯೆಯ ಸೆಗ್ಮೆಂಟ್ ಕೊಟ್ಟು, ಕಾಲು ಭಾಗ ಮಾತ್ರ ಕಟ್ಟಿ ಮಿರರ್ ಮಾಡುವುದು ಒಳ್ಳೆಯದು.

ಇನ್ನೊಂದು ತುದಿಗೆ, ಇದೇ ಬಾಡಿಯ ಮೇಲೆ 6 ಮಿಮೀ ಬೋಲ್ಟ್‌ನ ತೂತು ಬೇಕು ಅಂತ ಬಾಡಿಯನ್ನು 200 ಸೆಗ್ಮೆಂಟ್ ಮಾಡಲು ಹೋಗಬೇಡಿ. ಬೋಲ್ಟ್ ಕೂರುವ ದಿಮ್ಮಿಯನ್ನು ಬೇರೆ ಮೆಶ್ ಆಗಿ ಮಾಡಿ, ಅದರ ಬುಡವನ್ನು ಬಾಡಿಯೊಳಗೆ ಒಂದೆರಡು ಮಿಮೀ ಮುಳುಗಿಸಿ ಇಟ್ಟುಬಿಡಿ. ತೂತು ದಿಮ್ಮಿಯ ಚಪ್ಪಟೆ ಮುಖದಲ್ಲಿರುತ್ತದೆ, ಅಲ್ಲಿ ಕಡ್ಡಿ ಎಷ್ಟು ಹಾಕಿದರೂ ಕೆಡಲು ದುಂಡೇ ಇಲ್ಲ.